ಲೇಡಲ್‌ನ ಕೊನೆಯ ಲೋಹ: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ನ ಅಧಿಕಾರ ಮೂರು ರೂಪ ತಾಳಿದ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಎರಕದ ಕಾರ್ಖಾನೆಯಲ್ಲಿ ನಡೆದ ಪ್ರಕರಣವಿದು. ಸಂಸ್ಥೆಯ ಹೆಸರು, ಗ್ರಾಹಕರ ಹೆಸರು, ವ್ಯಕ್ತಿಗಳ ಹೆಸರು ಯಾವುದನ್ನೂ ಕೊಟ್ಟಿಲ್ಲ, ಗುರುತು ಸಿಗಬಾರದೆಂದು ಕೆಲವು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಆದರೆ ನಿರ್ಧಾರಗಳು, ಅವುಗಳ ಕ್ರಮ ಮತ್ತು ಅವುಗಳಿಂದ ಆದದ್ದು ಇದ್ದ ಹಾಗೆಯೇ ಇವೆ. ಒಂದೇ ಕೆಲಸ, ಒಬ್ಬರೇ ಪ್ರಾಜೆಕ್ಟ್ ಮ್ಯಾನೇಜರ್, ಬಹುಪಾಲು ಅದೇ ಜನ. ಹೀಗಿದ್ದರೂ ಮೂವತ್ತೇಳು ವಾರಗಳಲ್ಲಿ ಸಂಘಟನೆಯ ರಚನೆ ಮೂರು ರೂಪ ತಾಳಿತು, ಪ್ರತಿ ರೂಪದಲ್ಲೂ ಆ ಮ್ಯಾನೇಜರ್‌ಗೆ ಸಿಕ್ಕ ಅಧಿಕಾರ ಬೇರೆಯಾಗಿತ್ತು. ರಚನೆಯೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ನೋಡುವ ಅವಕಾಶ ನಮ್ಮ ಕೆಲಸದಲ್ಲಿ ಸಿಗುವುದು ಅಪರೂಪವಾದ್ದರಿಂದ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಕಾರ್ಖಾನೆಯಲ್ಲಿ ಸುಮಾರು 260 ಜನರಿದ್ದರು. ಪ್ಯಾಟರ್ನ್ ಮತ್ತು ಮೆಥಡ್ಸ್, ಕೋರ್ ಶಾಪ್, ಮೋಲ್ಡಿಂಗ್, ಮೆಲ್ಟಿಂಗ್, ಫೆಟ್ಲಿಂಗ್, ಮಷಿನ್ ಶಾಪ್, ಗುಣಮಟ್ಟ, ಖರೀದಿ ಎಂದು ಎಂಟು ವಿಭಾಗಗಳಿದ್ದು, ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥರಿದ್ದರು. ಪ್ಯಾಟರ್ನ್ ಎಂದರೆ ಎರಕದ ಆಕಾರದ ಮಾದರಿ, ಮೋಲ್ಡ್ ಎಂದರೆ ಅದರಿಂದ ಮಾಡಿದ ಮರಳಿನ ಅಚ್ಚು, ಕೋರ್ ಎಂದರೆ ಎರಕದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಮರಳಿನ ತುಂಡು. ಎರಕದ ವಿಧಾನ ರೂಪಿಸುವುದು ಮೆಥಡ್ಸ್ ಕೆಲಸ, ಹೊರಬಂದ ಎರಕವನ್ನು ಸ್ವಚ್ಛ ಮಾಡುವುದು ಫೆಟ್ಲಿಂಗ್. ಎಂಟೂ ಜನ ವರ್ಕ್ಸ್ ಮ್ಯಾನೇಜರ್‌ಗೆ ಉತ್ತರ ಕೊಡುತ್ತಿದ್ದರು, ಅವರು ಮಾಲೀಕರಿಗೆ. ಫಂಕ್ಷನಲ್ ರಚನೆ, ಅಂದರೆ ವಿಭಾಗೀಯ ರಚನೆ ಎನ್ನುವುದು ಇದಕ್ಕೇ. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ, ಒಂದು ಕಸುಬಿನವರೆಲ್ಲ ಒಂದೇ ಕಡೆ, ಬಡ್ತಿಯ ದಾರಿಯೂ ಆ ವಿಭಾಗದೊಳಗೇ.

ಈ ರಚನೆಯನ್ನು ಹಗುರವಾಗಿ ಕಾಣಬಾರದು. ವರ್ಷಗಟ್ಟಲೆ ಅದೇ ಪಂಪ್ ಹೌಸಿಂಗ್, ಅದೇ ಮೋಟಾರ್ ಬಾಡಿ ಎರಕ ಹೊಯ್ಯುವ ಕಾರ್ಖಾನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಕೋರ್ ಶಾಪಿನ ಮುಖ್ಯಸ್ಥರಿಗೆ ಮೂವತ್ತು ವರ್ಷದ ಅನುಭವವಿತ್ತು. ಕೋರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿಯೇ ಅದು ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳಬಲ್ಲವರು ಅವರು. ಅಂಥ ಜ್ಞಾನ ಒಂದು ಕಡೆ ಕೂಡಿಬರುವುದು ಒಂದೇ ಕಸುಬಿನವರು ಒಟ್ಟಿಗಿದ್ದಾಗ. ಆ ಕಾರ್ಖಾನೆಯ ತಿಂಗಳ ಲೆಕ್ಕವೂ ಇದಕ್ಕೆ ತಕ್ಕ ಹಾಗೇ ಇತ್ತು. ಮೆಲ್ಟಿಂಗ್ ಮತ್ತು ಮೋಲ್ಡಿಂಗ್ ವಿಭಾಗಗಳನ್ನು ಅಳೆಯುತ್ತಿದ್ದುದು ಎಷ್ಟು ಟನ್ ಒಳ್ಳೆಯ ಕಾಸ್ಟಿಂಗ್ ಹೊರಬಿತ್ತು ಎಂಬುದರಿಂದ, ಖರೀದಿ ವಿಭಾಗವನ್ನು ಎಷ್ಟು ಕಡಿಮೆ ದರಕ್ಕೆ ತಂದರು ಎಂಬುದರಿಂದ.

ಹೀಗಿರುವಾಗ ಹೊರರಾಜ್ಯದ ಕೃಷಿಯಂತ್ರ ತಯಾರಕರೊಬ್ಬರಿಂದ ಏಳು ಹೊಸ ಕಾಸ್ಟಿಂಗ್‌ಗಳ ಆದೇಶ ಬಂತು. ಎಲ್ಲವೂ ಎಸ್‌ಜಿ ಐರನ್, ಅಂದರೆ ಗ್ರಾಫೈಟ್ ದುಂಡಗಿರುವ ಬಲವಾದ ಎರಕದ ಕಬ್ಬಿಣದ ಹೈಡ್ರಾಲಿಕ್ ವಾಲ್ವ್ ಬಾಡಿಗಳು. ಒಳಗೆ ಎಣ್ಣೆ ಹರಿಯುವ ಸಣ್ಣ ಹಾದಿಗಳಿದ್ದುದರಿಂದ ಕೋರ್ ಕೆಲಸ ಸೂಕ್ಷ್ಮವಾಗಿತ್ತು, ಮಷಿನಿಂಗ್ ಆದ ಮೇಲೆ ಲೀಕ್ ಟೆಸ್ಟ್ ಕೂಡ ಇತ್ತು. ಗ್ರಾಹಕರು ಎರಡು ಹಂತದ ಒಪ್ಪಿಗೆ ಕೇಳಿದ್ದರು. ಮೊದಲು ಕೆಲವು ಮಾದರಿ ತುಂಡುಗಳು, ಆಮೇಲೆ ದಿನನಿತ್ಯದ ಉತ್ಪಾದನೆಯ ಸ್ಥಿತಿಯಲ್ಲೇ ತೆಗೆದ 300 ತುಂಡುಗಳ ಒಂದು ಲಾಟ್. ಅವಧಿ 30 ವಾರ, ಪ್ಯಾಟರ್ನ್, ಕೋರ್ ಬಾಕ್ಸ್, ಫಿಕ್ಸ್ಚರ್ ಮತ್ತು ಪ್ರಯೋಗಗಳಿಗೆ ಬಜೆಟ್ 48 ಲಕ್ಷ ರೂಪಾಯಿ.

ಮೊದಲ ಹದಿಮೂರು ವಾರ: ಜವಾಬ್ದಾರಿ ಇತ್ತು, ಅಧಿಕಾರ ಇರಲಿಲ್ಲ

ಮೆಥಡ್ಸ್ ವಿಭಾಗದ ಹಿರಿಯ ಇಂಜಿನಿಯರ್ ಒಬ್ಬರನ್ನು ಪ್ರಾಜೆಕ್ಟ್ ಮ್ಯಾನೇಜರ್ ಎಂದು ಹೆಸರಿಸಿದರು. ವಯಸ್ಸು ಮೂವತ್ನಾಲ್ಕು, ಕೆಲಸದಲ್ಲಿ ಚುರುಕು. ಆದೇಶಪತ್ರದಲ್ಲಿ ಇದ್ದದ್ದು ಒಂದೇ ಪ್ಯಾರಾ. ಏಳು ಕಾಸ್ಟಿಂಗ್‌ಗಳ ಅಭಿವೃದ್ಧಿಯನ್ನು ಇವರು ನೋಡಿಕೊಳ್ಳುವರು, ಎಲ್ಲ ವಿಭಾಗಗಳೂ ಸಹಕರಿಸಬೇಕು ಎಂದು ಅದರಲ್ಲಿತ್ತು. ಅವರ ದಿನನಿತ್ಯದ ಮೆಥಡ್ಸ್ ಕೆಲಸವೂ ಹಾಗೆಯೇ ಮುಂದುವರಿಯಿತು, ಅವರು ಉತ್ತರ ಕೊಡಬೇಕಾದದ್ದು ಮೆಥಡ್ಸ್ ಮುಖ್ಯಸ್ಥರಿಗೇ ಆಗಿತ್ತು.

ಯೋಜನಾ ನಿರ್ವಹಣೆಯ ಪಠ್ಯಗಳು ಇಂಥ ಹುದ್ದೆಯನ್ನು ಎರಡಾಗಿ ವಿಂಗಡಿಸುತ್ತವೆ. ಎಕ್ಸ್‌ಪಿಡೈಟರ್ ಎಂದರೆ ಸುದ್ದಿ ಮುಟ್ಟಿಸುವ, ನೆನಪಿಸುವ ಕೆಲಸದವನು, ಅವನು ತಾನಾಗಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಲಾರ. ಕೋಆರ್ಡಿನೇಟರ್‌ಗೆ ಸ್ವಲ್ಪ ನಿರ್ಧಾರದ ಹಕ್ಕು ಇರುತ್ತದೆ, ಸಾಮಾನ್ಯವಾಗಿ ಮೇಲಿನ ಹಂತದ ಅಧಿಕಾರಿಗೆ ನೇರವಾಗಿ ವರದಿ ಮಾಡುತ್ತಾನೆ. ಬಾಗಿಲಿನ ಮೇಲೆ ಮ್ಯಾನೇಜರ್ ಎಂದು ಬರೆದಿದ್ದರೂ ಇವರು ಮಾಡುತ್ತಿದ್ದುದು ಎಕ್ಸ್‌ಪಿಡೈಟರ್ ಕೆಲಸ. ಇದು ಗೊತ್ತಾದದ್ದು ಅವರ ಡೈರಿಯಿಂದ. ಮಾಲೀಕರ ಕೋರಿಕೆಯಂತೆ ಹೊರಗಿನಿಂದ ನಾನು ಬಂದದ್ದು 12ನೇ ವಾರದಲ್ಲಿ. ಹಿಂದಿನ ಆರು ವಾರಗಳ ಡೈರಿಯನ್ನು ಇಬ್ಬರೂ ಕೂತು ಓದಿದೆವು. 62 ನಮೂದುಗಳಲ್ಲಿ 47 ‘ನೆನಪಿಸಿದೆ’ ಅಥವಾ ‘ಮತ್ತೆ ನೆನಪಿಸಿದೆ’ ಎಂದು ಮುಗಿದಿದ್ದವು. ‘ನಿರ್ಧರಿಸಿದೆ’ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಆ ಹದಿಮೂರು ವಾರಗಳಲ್ಲಿ ಮೊದಲ ಕಾಸ್ಟಿಂಗ್‌ನ ಪ್ರಯೋಗ ಮೂರು ಸಲ ವಿಫಲವಾಗಿತ್ತು. ತೆಳುವಾದ ಗೋಡೆಗಳ ಬಳಿ ಲೋಹ ಕೂಡಿಕೊಳ್ಳದೆ ಗೆರೆ ಬಿಟ್ಟಿತ್ತು. ಫೌಂಡ್ರಿಯವರು ಕೋಲ್ಡ್ ಶಟ್ ಎನ್ನುವ ದೋಷ ಅದು. ಗೇಟಿಂಗ್, ಅಂದರೆ ಲೋಹ ಅಚ್ಚಿನೊಳಗೆ ಹರಿಯುವ ಹಾದಿಗಳ ವಿನ್ಯಾಸವೇ ತಪ್ಪು ಎಂದು ಎಲ್ಲರೂ ತೀರ್ಮಾನಿಸಿ ಎರಡು ಸಲ ಪ್ಯಾಟರ್ನ್ ತಿದ್ದಿದ್ದರು, ಒಂದೊಂದು ತಿದ್ದುಪಡಿಗೂ ಎರಡು ವಾರ ಹಿಡಿದಿತ್ತು. ಫರ್ನೇಸಿನಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ ಹೀಟ್ ಎನ್ನುತ್ತಾರೆ. ನಾವು ಮೆಲ್ಟಿಂಗ್ ವಿಭಾಗದ ಹೀಟ್ ಪುಸ್ತಕ ತರಿಸಿ ನೋಡಿದೆವು. ಮೂರೂ ಸಲ ಪ್ರಯೋಗದ ಮೋಲ್ಡ್‌ಗಳಿಗೆ ಲೋಹ ಹೊಯ್ದದ್ದು ಎರಡನೇ ಪಾಳಿಯ ಕೊನೆಯಲ್ಲಿ, ಅದೂ ಬೇರೆ ಮಾಲಿಗೆ ಹೊಯ್ದು, ಕರಗಿದ ಲೋಹ ಒಯ್ಯುವ ಪಾತ್ರೆಯಾದ ಲೇಡಲ್‌ನಲ್ಲಿ ಉಳಿದ ಲೋಹವನ್ನು. 1380 ಡಿಗ್ರಿಯಲ್ಲಿ ಹೊಯ್ಯಬೇಕೆಂದು ಮೆಥಡ್ಸ್ ಹಾಳೆಯಲ್ಲಿ ಬರೆದಿತ್ತು, ಪುಸ್ತಕದಲ್ಲಿ ಕಂಡದ್ದು 1310, 1300, 1315.

ಎಸ್‌ಜಿ ಐರನ್ ಬಲ್ಲವರಿಗೆ ಇಲ್ಲಿ ಇನ್ನೊಂದು ಅಪಾಯವೂ ಕಾಣುತ್ತದೆ. ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಕೊಟ್ಟ ಕ್ಷಣದಿಂದ ಅದರ ಪರಿಣಾಮ ಇಳಿಯತೊಡಗುತ್ತದೆ. ಹತ್ತು ನಿಮಿಷದ ಆಸುಪಾಸಿನಲ್ಲಿ ಹೊಯ್ದು ಮುಗಿಸದಿದ್ದರೆ ಗ್ರಾಫೈಟ್ ದುಂಡಗೆ ನಿಲ್ಲುವುದಿಲ್ಲ, ಲೋಹ ತನ್ನ ಬಲ ಕಳೆದುಕೊಳ್ಳುತ್ತದೆ. ಲೇಡಲ್‌ನ ತಳದ ಲೋಹ ತಣ್ಣಗೂ ಇರುತ್ತದೆ, ಮೆಗ್ನೀಸಿಯಂ ಇಳಿದೂ ಇರುತ್ತದೆ. ಇಂಥ ಲೋಹದಲ್ಲಿ ಪ್ರಯೋಗ ಮಾಡಿ, ದೋಷವನ್ನು ವಿನ್ಯಾಸದ ತಲೆಗೆ ಕಟ್ಟಿ, ನಾಲ್ಕು ವಾರ ಕಳೆದಿದ್ದರು.

ಮೆಲ್ಟಿಂಗ್ ಮುಖ್ಯಸ್ಥರನ್ನು ಕೇಳಿದಾಗ ಅವರು ಸಿಟ್ಟಾಗಲಿಲ್ಲ, ಇದ್ದದ್ದನ್ನು ಹೇಳಿದರು. “ತಮ್ಮಾ, ತಿಂಗಳ ಕಡೀಕ ಮಾಲಕರು ನನಗ ಕೇಳೂದು ಎಷ್ಟ ಟನ್ ಆತು ಅಂತ. ನಿನ್ನ ಎಂಟ ಮೋಲ್ಡ್ ಎಷ್ಟ ಟನ್ ಆಗತಾವ ಹೇಳು? ಅವಕ್ಕಾಗಿ ಮುಂಜಾನಿ ಲೈನ್ ನಿಲ್ಲಿಸಿದ್ರ ನಾ ಏನ ಉತ್ತರಾ ಕೊಡ್ಲಿ?” ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರನ್ನು ಅಳೆಯುತ್ತಿದ್ದ ಕೋಲು ಬೇರೆ, ಪ್ರಾಜೆಕ್ಟನ್ನು ಅಳೆಯುವ ಕೋಲು ಬೇರೆ, ಎರಡನ್ನೂ ಜೋಡಿಸಬಲ್ಲವರು ಮಾಲೀಕರೊಬ್ಬರೇ. ಫಂಕ್ಷನಲ್ ರಚನೆಯಲ್ಲಿ ವಿಭಾಗಗಳ ನಡುವಿನ ಒಂದು ಸಣ್ಣ ತಕರಾರೂ ಮೇಲಿನವರೆಗೆ ಹತ್ತಿ ಇಳಿಯಬೇಕಾಗುತ್ತದೆ. 14,000 ರೂಪಾಯಿಯ ಒಂದು ಕೋರ್ ಬಾಕ್ಸ್ ತಿದ್ದುಪಡಿಗೆ ಖರೀದಿ ವಿಭಾಗವು ಮೂರು ದರಪಟ್ಟಿಗಳ ನಿಯಮ ಹೇಳಿ 19 ದಿನ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಆ ನಿಯಮವನ್ನು ಸಡಿಲಿಸುವ ಹಕ್ಕು ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇರಲಿಲ್ಲ. ಬಜೆಟ್ 48 ಲಕ್ಷ ಎಂದು ಅವರಿಗೆ ಗೊತ್ತಿತ್ತು, ಆದರೆ ಅದರಲ್ಲಿ ಒಂದು ರೂಪಾಯಿಗೂ ಅವರ ಸಹಿ ನಡೆಯುತ್ತಿರಲಿಲ್ಲ.

13ನೇ ವಾರದ ಕೊನೆಗೆ ಮೂರು ಕಾಸ್ಟಿಂಗ್‌ಗಳ ಮಾದರಿ ಒಪ್ಪಿಗೆ ಆಗಿರಬೇಕಿತ್ತು. ಒಂದೂ ಆಗಿರಲಿಲ್ಲ.

ಹದಿನಾಲ್ಕನೇ ವಾರ: ಎಲ್ಲವೂ ಒಬ್ಬರ ಕೈಗೆ

ಮಾಲೀಕರು ಆ ವಾರ ತೆಗೆದುಕೊಂಡ ನಿರ್ಧಾರ ಇನ್ನೊಂದು ತುದಿಯದು. ಕಾರ್ಖಾನೆಯ ಹಿಂದಿನ ಹಳೆಯ ಪ್ಯಾಟರ್ನ್ ಸ್ಟೋರ್ ಖಾಲಿ ಮಾಡಿಸಿ, ಹನ್ನೊಂದು ಜನರನ್ನು ವಿಭಾಗಗಳಿಂದ ಬಿಡಿಸಿ ಅಲ್ಲಿ ಕೂರಿಸಿದರು. ಇಬ್ಬರು ಮೆಥಡ್ಸ್ ಇಂಜಿನಿಯರ್‌ಗಳು, ಒಬ್ಬ ಪ್ಯಾಟರ್ನ್ ಮೇಕರ್, ಮೋಲ್ಡರ್‌ಗಳು, ಕೋರ್ ಮಾಡುವವರು, ಒಬ್ಬ ಸಿಎನ್‌ಸಿ ಸೆಟ್ಟರ್, ಒಬ್ಬ ಇನ್‌ಸ್ಪೆಕ್ಟರ್, ಖರೀದಿಗೆ ಒಬ್ಬರು. ಬಳಕೆ ತಪ್ಪಿದ್ದ 250 ಕಿಲೋದ ಸಣ್ಣ ಇಂಡಕ್ಷನ್ ಫರ್ನೇಸನ್ನೂ ದುರಸ್ತಿ ಮಾಡಿಸಿ ಅವರಿಗೇ ಕೊಟ್ಟರು. ಪ್ರಾಜೆಕ್ಟ್ ಮ್ಯಾನೇಜರ್ ಪೂರ್ಣಾವಧಿಯವರಾದರು, ನೇರವಾಗಿ ಮಾಲೀಕರಿಗೆ ಉತ್ತರ ಕೊಡತೊಡಗಿದರು. ಈ ಹನ್ನೊಂದು ಜನರ ರಜೆ, ಓವರ್‌ಟೈಮ್, ವಾರ್ಷಿಕ ಮೌಲ್ಯಮಾಪನ ಎಲ್ಲವೂ ಅವರ ಕೈಗೆ ಬಂತು. ಎರಡು ಲಕ್ಷದವರೆಗಿನ ಖರೀದಿಗೆ ಅವರ ಸಹಿಯೇ ಸಾಕಾಯಿತು.

ಪ್ರಾಜೆಕ್ಟೈಸ್ಡ್ ರಚನೆ ಎಂದರೆ ಇದು. ಪ್ರಾಜೆಕ್ಟ್ ಮ್ಯಾನೇಜರ್‌ನ ಅಧಿಕಾರ ಹೆಚ್ಚುಕಡಿಮೆ ಪೂರ್ಣವಾಗಿರುವ ಸ್ಥಿತಿ. ಈ ನಿರ್ಧಾರಕ್ಕೆ ನಾನೂ ಒಪ್ಪಿದ್ದೆ. ಆಗ ನಮ್ಮ ಕಣ್ಣಿಗೆ ಕಂಡದ್ದು ವೇಗದ ಕೊರತೆ ಒಂದೇ.

ವೇಗ ಬಂತು. ಏಳು ವಾರದಲ್ಲಿ ಮೂರು ಕಾಸ್ಟಿಂಗ್‌ಗಳ ಮಾದರಿಗಳನ್ನು ಗ್ರಾಹಕರು ಒಪ್ಪಿದರು. ಕೋಲ್ಡ್ ಶಟ್ ಪೂರ್ತಿ ಮಾಯವಾಯಿತು. ಬೆಳಿಗ್ಗೆ ಕಂಡ ದೋಷಕ್ಕೆ ಮಧ್ಯಾಹ್ನ ಪ್ಯಾಟರ್ನ್ ತಿದ್ದಿ ಸಂಜೆ ಮತ್ತೆ ಹೊಯ್ಯುವುದು ಅಲ್ಲಿ ಮಾಮೂಲಿಯಾಯಿತು. ಹನ್ನೊಂದು ಜನ ಒಟ್ಟಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು, ಮಾತೆಲ್ಲ ಆ ವಾಲ್ವ್ ಬಾಡಿಗಳ ಸುತ್ತಲೇ ಇರುತ್ತಿತ್ತು. ಹಿಂದಿನ ಹದಿಮೂರು ವಾರ ನೋಡಿದವರಿಗೆ ಇದು ಸಂತೋಷದ ವಿಷಯವೇ.

ಆದರೆ ಕೋರ್‌ನಲ್ಲಿ ಗಾಳಿ ಹೊರಹೋಗದೆ ಬ್ಲೋ ಹೋಲ್ ಬೀಳುವ ತೊಂದರೆ ನಾಲ್ಕನೇ ಕಾಸ್ಟಿಂಗ್‌ನಲ್ಲಿ ಬಂದಾಗ ತಂಡ ಎರಡು ವಾರ ಅದರಲ್ಲೇ ಮುಳುಗಿತು. ಮೂವತ್ತು ವರ್ಷದ ಅನುಭವದ ಕೋರ್ ಶಾಪ್ ಮುಖ್ಯಸ್ಥರು ಇನ್ನೂರು ಹೆಜ್ಜೆ ದೂರದಲ್ಲಿದ್ದರು. ಅವರನ್ನು ಯಾರೂ ಕರೆಯಲಿಲ್ಲ, ಅವರೂ ಬರಲಿಲ್ಲ. ತಮ್ಮ ಇಬ್ಬರು ಒಳ್ಳೆಯ ಕೈಗಳನ್ನು ಕಳೆದುಕೊಂಡ ನೋವು ಅವರಿಗಿತ್ತು, ಬೇಡಿ ಹೋಗಬಾರದೆಂಬ ಹಟ ತಂಡಕ್ಕಿತ್ತು. ಸಿಎನ್‌ಸಿ ಸೆಟ್ಟರ್‌ಗೆ ವಾರದ ಆರು ದಿನದಲ್ಲಿ ಎರಡು ದಿನಕ್ಕಷ್ಟೇ ಕೆಲಸವಿತ್ತು. ಅದೇ ವಾರಗಳಲ್ಲಿ ಮಷಿನ್ ಶಾಪ್ ಉಳಿದ ಸೆಟ್ಟರ್‌ಗಳಿಗೆ ಓವರ್‌ಟೈಮ್ ಕೊಡುತ್ತಿತ್ತು. ಒಂದು ಸಂಜೆ ಹಿರಿಯ ಮೋಲ್ಡರ್ ಒಬ್ಬರು ಕೈ ತೊಳೆಯುತ್ತ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಕೇಳಿದರು: “ಸಾಹೇಬ್ರ, ಈ ಏಳ ಕಾಸ್ಟಿಂಗ್ ಮುಗದ ಮ್ಯಾಲ ನಾ ಎಲ್ಲಿ ಹೋಗಬೇಕ್ರಿ? ನನ್ನ ಜಾಗಾದಾಗ ಬ್ಯಾರೆ ಹುಡುಗನ್ನ ತಗೊಂಡಾರ.” ಪ್ರಾಜೆಕ್ಟೈಸ್ಡ್ ರಚನೆಯಲ್ಲಿ ಕೆಲಸ ಮುಗಿದವನಿಗೆ ಮರಳಲು ಮನೆ ಇರುವುದಿಲ್ಲ ಎಂದು ಪಠ್ಯದಲ್ಲಿ ಓದಿದ್ದೆ. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಮಾತ್ರ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 21ನೇ ವಾರದಲ್ಲಿ. ಮೊದಲ ಕಾಸ್ಟಿಂಗ್‌ನ ಪ್ಯಾಟರ್ನನ್ನು ಮುಖ್ಯ ಲೈನಿಗೆ ಒಯ್ದು 300 ತುಂಡುಗಳ ಲಾಟ್ ಹೊಯ್ದರು. 66 ತುಂಡು ತಿರಸ್ಕಾರವಾದವು, ನೂರಕ್ಕೆ 22. ಕೋಲ್ಡ್ ಶಟ್ ಮತ್ತೆ ಬಂದಿತ್ತು, ಕೆಲವು ತುಂಡುಗಳಲ್ಲಿ ಗ್ರಾಫೈಟ್ ಕೂಡ ಕೆಟ್ಟಿತ್ತು. ಮೋಲ್ಡಿಂಗ್ ವಿಭಾಗದವರು ಅದನ್ನು ‘ಹಿಂದಿನ ಶೆಡ್ಡಿನವರ ಮಾಲು’ ಎಂದರು, ಶೆಡ್ಡಿನವರು ‘ಲೈನಿನವರಿಗೆ ಹೊಯ್ಯಲು ಬರುವುದಿಲ್ಲ’ ಎಂದರು.

ಕಾರಣ ಹುಡುಕಲು ಎರಡು ದಿನ ಸಾಕಾಯಿತು. ಶೆಡ್ಡಿನ ಸಣ್ಣ ಫರ್ನೇಸಿನಲ್ಲಿ ಒಂದು ಹೀಟಿನ ಲೋಹವೆಲ್ಲ ಒಂದೇ ಲೇಡಲ್‌ಗೆ ಬರುತ್ತಿತ್ತು, ಎಂಟು ಮೋಲ್ಡ್‌ಗಳಿಗೆ ನಾಲ್ಕು ನಿಮಿಷದಲ್ಲಿ ಹೊಯ್ದು ಮುಗಿಯುತ್ತಿತ್ತು. ಲೋಹ ಯಾವಾಗಲೂ ಬಿಸಿ, ಮೆಗ್ನೀಸಿಯಂ ಯಾವಾಗಲೂ ತಾಜಾ. ಮುಖ್ಯ ಲೈನಿನಲ್ಲಿ 500 ಕಿಲೋದ ಲೇಡಲ್ ಉದ್ದಕ್ಕೆ ಸಾಗಿ ಖಾಲಿಯಾಗಲು ಒಂಬತ್ತು ಹತ್ತು ನಿಮಿಷ ಬೇಕು. ಕೊನೆಯ ಮೋಲ್ಡ್‌ಗಳಿಗೆ ಸಿಗುವ ಲೋಹ ಮೊದಲಿನದಲ್ಲ. ತಿರಸ್ಕಾರವಾದ 66ರಲ್ಲಿ ಹೆಚ್ಚಿನವು ಲೇಡಲ್‌ನ ಕೊನೆಯ ಮೂರನೇ ಒಂದು ಪಾಲಿನಿಂದ ಹೊಯ್ದವು ಎಂದು ಮೋಲ್ಡ್ ಸಂಖ್ಯೆಗಳಿಂದ ಗೊತ್ತಾಯಿತು.

ಹೀಗೆ ಮೊದಲ ರಚನೆಯಲ್ಲಿ ಪ್ರಯೋಗಕ್ಕೆ ಸಿಕ್ಕದ್ದು ತೀರ ಕೆಟ್ಟ ಲೋಹ, ಎರಡನೆಯದರಲ್ಲಿ ಸಿಕ್ಕದ್ದು ತೀರ ಒಳ್ಳೆಯ ಲೋಹ. ಎರಡೂ ಕಡೆ ವಿನ್ಯಾಸದ ನಿಜವಾದ ಪರೀಕ್ಷೆ ಆಗಲೇ ಇಲ್ಲ. ಮೊದಲು ಮ್ಯಾನೇಜರ್‌ಗೆ ಲೈನಿನ ಮೇಲೆ ಅಧಿಕಾರ ಇರಲಿಲ್ಲ. ಆಮೇಲೆ ಎಲ್ಲ ಅಧಿಕಾರ ಸಿಕ್ಕಿತು, ಆದರೆ ಲೈನ್ ಅವರಿಂದ ದೂರವಾಯಿತು. ಗ್ರಾಹಕರು ಉತ್ಪಾದನೆಯ ಸ್ಥಿತಿಯಲ್ಲೇ ತೆಗೆದ ಲಾಟ್ ಕೇಳುವುದೇಕೆ ಎಂದು ನನಗೆ ಇಷ್ಟು ಸ್ಪಷ್ಟವಾಗಿ ಅರ್ಥವಾದದ್ದು ಆಗಲೇ.

ಇಪ್ಪತ್ತಮೂರನೇ ವಾರ: ಒಂದು ಹಾಳೆಯ ಮೇಲೆ ಬರೆದ ಅಧಿಕಾರ

22ನೇ ವಾರದಲ್ಲಿ ಎರಡು ದಿನ ಎಂಟೂ ಮುಖ್ಯಸ್ಥರು, ವರ್ಕ್ಸ್ ಮ್ಯಾನೇಜರ್ ಮತ್ತು ಪ್ರಾಜೆಕ್ಟ್ ಮ್ಯಾನೇಜರ್ ಕೂತರು. ಮ್ಯಾಟ್ರಿಕ್ಸ್ ರಚನೆ ಎಂಬ ಹೆಸರನ್ನು ಆ ಸಭೆಯಲ್ಲಿ ನಾವು ಬಳಸಲೇ ಇಲ್ಲ. ಆದರೆ ಮಾಡಿದ್ದು ಅದನ್ನೇ. ಜನರು ತಮ್ಮ ವಿಭಾಗದಲ್ಲೇ ಇರುತ್ತಾರೆ, ಪ್ರಾಜೆಕ್ಟಿನ ಕೆಲಸದ ಮಟ್ಟಿಗೆ ಪ್ರಾಜೆಕ್ಟ್ ಮ್ಯಾನೇಜರ್‌ನ ಮಾತೂ ಅವರ ಮೇಲೆ ನಡೆಯುತ್ತದೆ. ಮ್ಯಾಟ್ರಿಕ್ಸ್‌ನಲ್ಲಿ ದುರ್ಬಲ, ಸಮತೋಲಿತ, ಪ್ರಬಲ ಎಂದು ಮೂರು ಮೆಟ್ಟಿಲು ಹೇಳುತ್ತಾರೆ. ದುರ್ಬಲದಲ್ಲಿ ಮ್ಯಾನೇಜರ್ ಬಹುತೇಕ ಕೋಆರ್ಡಿನೇಟರ್, ಬಜೆಟ್ ವಿಭಾಗ ಮುಖ್ಯಸ್ಥರ ಕೈಯಲ್ಲಿ. ಸಮತೋಲಿತದಲ್ಲಿ ಇಬ್ಬರದೂ ಸರಿಸಮ. ಪ್ರಬಲದಲ್ಲಿ ಮ್ಯಾನೇಜರ್ ಪೂರ್ಣಾವಧಿಯವನು, ಬಜೆಟ್ ಅವನದು. ನಾವು ನಿಂತದ್ದು ಸಮತೋಲಿತ ಮತ್ತು ಪ್ರಬಲಗಳ ನಡುವೆ ಎಲ್ಲೋ. ಹೆಸರಿಗಿಂತ ಮುಖ್ಯವಾದದ್ದು, ಯಾವ ನಿರ್ಧಾರ ಯಾರದು ಎಂದು ಒಂದೊಂದಾಗಿ ಬರೆದದ್ದು.

ಹಾಳೆಯ ಮೂಲ ಸೂತ್ರ ಸರಳವಾಗಿತ್ತು. ಏನು ಮಾಡಬೇಕು, ಯಾವಾಗ ಮುಗಿಯಬೇಕು ಎಂಬುದು ಪ್ರಾಜೆಕ್ಟ್ ಮ್ಯಾನೇಜರ್‌ನ ನಿರ್ಧಾರ. ಹೇಗೆ ಮಾಡಬೇಕು, ಯಾರು ಮಾಡಬೇಕು ಎಂಬುದು ವಿಭಾಗ ಮುಖ್ಯಸ್ಥರದು. ಮ್ಯಾನೇಜರ್ ಜೊತೆ ಪೂರ್ಣಾವಧಿಗೆ ನಾಲ್ವರು ಉಳಿದರು, ಮಿಕ್ಕ ಏಳು ಜನ ವಿಭಾಗಗಳಿಗೆ ಮರಳಿ ವಾರದಲ್ಲಿ ಇಂತಿಷ್ಟು ಪಾಳಿ ಪ್ರಾಜೆಕ್ಟಿಗೆ ಎಂದು ಹಂಚಿಕೆಯಾದರು. ಹಿರಿಯ ಮೋಲ್ಡರ್‌ಗೆ ಅವರ ಹಳೆಯ ಜಾಗವೇ ಮರಳಿ ಸಿಕ್ಕಿತು. ಒಂದು ಲಕ್ಷದವರೆಗಿನ ಪ್ರಾಜೆಕ್ಟ್ ಖರ್ಚಿಗೆ ಮ್ಯಾನೇಜರ್‌ನ ಸಹಿ, ಅದರ ಮೇಲೆ ಖರೀದಿ ಮುಖ್ಯಸ್ಥರ ಜೊತೆ ಜಂಟಿ ಸಹಿ. ನಾಲ್ವರ ವಾರ್ಷಿಕ ಮೌಲ್ಯಮಾಪನದಲ್ಲಿ ನೂರಕ್ಕೆ 40 ಪಾಲು, ಏಳು ಜನರದರಲ್ಲಿ 20 ಪಾಲು ಪ್ರಾಜೆಕ್ಟ್ ಮ್ಯಾನೇಜರ್‌ನದು. ಇಬ್ಬರೂ ಒಪ್ಪದ ವಿಷಯ ಇಪ್ಪತ್ನಾಲ್ಕು ಗಂಟೆಯೊಳಗೆ ವರ್ಕ್ಸ್ ಮ್ಯಾನೇಜರ್ ಮುಂದೆ ಹೋಗಬೇಕು, ಮಾಲೀಕರ ಮುಂದೆ ಹೋಗಕೂಡದು.

ಸಭೆಯ ಅತ್ಯಂತ ಬಿಗಿಯಾದ ಗಂಟೆ ಪ್ರಯೋಗದ ಸಮಯದ ಬಗ್ಗೆ ನಡೆದ ಚರ್ಚೆ. ಮಂಗಳವಾರ ಮತ್ತು ಶುಕ್ರವಾರ ಮೊದಲ ಪಾಳಿಯ ಮೊದಲ ಹೀಟ್ ನನಗೆ ಬೇಕು ಎಂದು ಪ್ರಾಜೆಕ್ಟ್ ಮ್ಯಾನೇಜರ್ ಕೇಳಿದರು. ಮೆಲ್ಟಿಂಗ್ ಮುಖ್ಯಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಹೀಟ್ ಬೇಡ, ಆಗ ಫರ್ನೇಸಿನ ಲೈನಿಂಗೂ ಲೇಡಲ್ಲೂ ಪೂರ್ತಿ ಕಾದಿರುವುದಿಲ್ಲ, ಎರಡನೇ ಹೀಟ್ ತಗೋ ಎಂದರು. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು. ಎಂಟು ಮೋಲ್ಡ್‌ಗಳನ್ನು ಒಂದೇ ಕಡೆ ಇಡಬೇಡ, ನಾಲ್ಕು ಲೇಡಲ್‌ನ ಆರಂಭಕ್ಕೆ, ನಾಲ್ಕು ಕೊನೆಗೆ ಇಡು, ಕೊನೆಯ ನಾಲ್ಕು ಪಾಸಾದರೆ ನಿನ್ನ ಲಾಟ್ ಎಂದೂ ಫೇಲಾಗುವುದಿಲ್ಲ. ಕೆಟ್ಟ ಲೋಹದ ಪ್ರಯೋಗ, ಒಳ್ಳೆಯ ಲೋಹದ ಪ್ರಯೋಗ ಎಂಬ ಎರಡು ತಪ್ಪುಗಳನ್ನೂ ಆ ಒಂದು ಮಾತು ಸರಿಪಡಿಸಿತು. ಯಾವಾಗ ಎಂಬುದನ್ನು ಪ್ರಾಜೆಕ್ಟ್ ಮ್ಯಾನೇಜರ್ ಹಕ್ಕಿನಿಂದ ಕೇಳಿದ್ದರು, ಹೇಗೆ ಎಂಬುದನ್ನು ಮೆಲ್ಟಿಂಗ್ ಮುಖ್ಯಸ್ಥರು ಅನುಭವದಿಂದ ಕೊಟ್ಟರು. ಆ ಹಾಳೆ ಕಾಗದದಿಂದ ಇಳಿದು ಕೆಲಸಕ್ಕೆ ಬಂದದ್ದು ಅಲ್ಲಿ ಎಂದು ನಾನು ಭಾವಿಸುತ್ತೇನೆ.

ಆದರೆ ಅವರು ಅಷ್ಟು ಮುಕ್ತವಾಗಿ ಮಾತಾಡಿದ್ದಕ್ಕೆ ಹಿಂದಿನ ದಿನ ಆದ ಒಂದು ತೀರ್ಮಾನವೇ ಕಾರಣ. ಪ್ರಯೋಗಕ್ಕೆ ಹೋದ ಸಮಯದಷ್ಟು ಟನ್ನನ್ನು ಮೆಲ್ಟಿಂಗ್ ಮತ್ತು ಮೋಲ್ಡಿಂಗ್ ವಿಭಾಗಗಳ ತಿಂಗಳ ಗುರಿಯಿಂದ ಕಳೆಯಬೇಕೆಂದು ವರ್ಕ್ಸ್ ಮ್ಯಾನೇಜರ್ ಬರೆದುಕೊಟ್ಟಿದ್ದರು. ಲೆಕ್ಕ ಹಾಕಿದರೆ ಅದು ತಿಂಗಳಿಗೆ ಆರು ಟನ್ ಸುಮಾರು. ಈ ಆರು ಟನ್ ಬಿಟ್ಟುಕೊಡದೆ ಹಾಳೆಯಲ್ಲಿ ಏನು ಬರೆದಿದ್ದರೂ ಪ್ರಯೋಗ ಮತ್ತೆ ಎರಡನೇ ಪಾಳಿಯ ಕೊನೆಗೇ ಜಾರುತ್ತಿತ್ತು.

ನಂತರ ಆದದ್ದು

ಮ್ಯಾಟ್ರಿಕ್ಸ್‌ನ ಹೆಸರುವಾಸಿ ತೊಂದರೆ, ಒಬ್ಬನಿಗೆ ಇಬ್ಬರು ಮೇಲಧಿಕಾರಿಗಳು ಎಂಬುದು, ಮೂರೇ ವಾರದಲ್ಲಿ ತಲೆ ಎತ್ತಿತು. ಒಂದು ಬುಧವಾರ ಸಿಎನ್‌ಸಿ ಸೆಟ್ಟರ್‌ಗೆ ಮಷಿನ್ ಶಾಪ್ ಮುಖ್ಯಸ್ಥರು ಒಂದು ಕೆಲಸ ಕೊಟ್ಟಿದ್ದರು, ಪ್ರಾಜೆಕ್ಟ್ ಮ್ಯಾನೇಜರ್ ಇನ್ನೊಂದು. ಹುಡುಗ ಎರಡೂ ಡ್ರಾಯಿಂಗ್ ಕೈಯಲ್ಲಿ ಹಿಡಿದುಕೊಂಡು ಮಷಿನ್ ಮುಂದೆ ನಿಂತಿದ್ದ. “ಇಬ್ರೂ ಸಾಹೇಬ್ರು ಹೇಳ್ಯಾರ, ನಾ ಯಾರ ಮಾತ ಕೇಳಬೇಕ್ರಿ?” ಹಾಳೆಯಲ್ಲಿ ಅವನ ಪ್ರಾಜೆಕ್ಟ್ ಪಾಳಿಗಳು ಸೋಮವಾರ ಮತ್ತು ಗುರುವಾರ ಎಂದಿತ್ತು. ಅಂದರೆ ಆ ದಿನ ತಪ್ಪು ಪ್ರಾಜೆಕ್ಟ್ ಮ್ಯಾನೇಜರ್‌ನದು, ಅವರು ಕೆಲಸ ಹಿಂದೆ ತೆಗೆದುಕೊಂಡರು. ತಮ್ಮ ಕೋರಿಕೆಯನ್ನು ಅವರು ಅಷ್ಟು ಸುಲಭವಾಗಿ ಬಿಟ್ಟದ್ದನ್ನು ನೋಡಿದ ಮಷಿನ್ ಶಾಪ್ ಮುಖ್ಯಸ್ಥರು ಮುಂದೆ ಎರಡು ಸಲ ತಾವಾಗಿಯೇ ಸೆಟ್ಟರ್‌ನನ್ನು ಹೆಚ್ಚಿನ ಪಾಳಿಗೆ ಕಳಿಸಿಕೊಟ್ಟರು.

ಇನ್ನೊಂದು ಜಗಳ ಇದಕ್ಕಿಂತ ದೊಡ್ಡದು. 27ನೇ ವಾರದಲ್ಲಿ ಐದನೇ ಕಾಸ್ಟಿಂಗ್‌ನ ಮಾದರಿಯಲ್ಲಿ ಒಂದು ಅಳತೆ ಮಿತಿಯ ಅಂಚಿನಲ್ಲಿತ್ತು. ಗ್ರಾಹಕರು ಒಪ್ಪಿಯಾರು, ಕಳಿಸಿಬಿಡೋಣ ಎಂದು ಪ್ರಾಜೆಕ್ಟ್ ಮ್ಯಾನೇಜರ್, ಕಳಿಸಕೂಡದು ಎಂದು ಗುಣಮಟ್ಟ ಮುಖ್ಯಸ್ಥರು. ವಿಷಯ ವರ್ಕ್ಸ್ ಮ್ಯಾನೇಜರ್ ಮುಂದೆ ಹೋಯಿತು, ಅವರು ಗುಣಮಟ್ಟ ವಿಭಾಗದ ಪರವಾಗಿ ತೀರ್ಪು ಕೊಟ್ಟರು. ಒಂದು ವಾರ ಹೋಯಿತು. ಆದರೆ ಆ ತೀರ್ಪು ಸರಿ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಸಮಯಕ್ಕೆ ಉತ್ತರ ಕೊಡಬೇಕಾದವನ ಕೈಯಲ್ಲೇ ಮಾಲು ಬಿಡುಗಡೆಯ ಸಹಿಯನ್ನೂ ಇಟ್ಟರೆ, ತಪಾಸಣೆ ಕ್ರಮೇಣ ಸಮಯದ ಸೇವಕನಾಗುತ್ತದೆ. ಹಿಂದಿನ ಶೆಡ್ಡಿನಲ್ಲಿ ಇನ್‌ಸ್ಪೆಕ್ಟರ್ ಪ್ರಾಜೆಕ್ಟ್ ಮ್ಯಾನೇಜರ್‌ಗೇ ಉತ್ತರ ಕೊಡುತ್ತಿದ್ದ ಎಂಟು ವಾರಗಳಲ್ಲಿ ಅವನು ಒಂದು ಮಾದರಿಯನ್ನೂ ತಡೆದಿರಲಿಲ್ಲ. ಹಾಳೆಗೆ ಅಂದೇ ಒಂದು ಸಾಲು ಸೇರಿತು: ಬಿಡುಗಡೆಯ ನಿರ್ಧಾರ ಗುಣಮಟ್ಟ ಮುಖ್ಯಸ್ಥರದು, ಅದು ಚರ್ಚೆಗಿಲ್ಲ.

30ನೇ ವಾರಕ್ಕೆ ನಾಲ್ಕು ಕಾಸ್ಟಿಂಗ್‌ಗಳು ಲಾಟ್ ಸಮೇತ ಒಪ್ಪಿಗೆಯಾದವು, ಕೊನೆಯದು 37ನೇ ವಾರದಲ್ಲಿ ಮುಗಿಯಿತು. ಏಳು ವಾರ ತಡ, ಖರ್ಚು 57 ಲಕ್ಷ. ಹೆಚ್ಚಾದ ಒಂಬತ್ತು ಲಕ್ಷದಲ್ಲಿ ಬಹುಪಾಲು ಮೊದಲ ಹಂತದ ಅನವಶ್ಯಕ ಪ್ಯಾಟರ್ನ್ ತಿದ್ದುಪಡಿಗಳದು ಮತ್ತು ಸಣ್ಣ ಫರ್ನೇಸಿನ ದುರಸ್ತಿಯದು. ಮ್ಯಾಟ್ರಿಕ್ಸ್ ಅವಧಿಯಲ್ಲಿ ಹೊಯ್ದ ಲಾಟ್‌ಗಳಲ್ಲಿ ತಿರಸ್ಕಾರ ನೂರಕ್ಕೆ 6 ದಾಟಲಿಲ್ಲ. ಬೆಲೆಯೂ ತೆತ್ತದ್ದುಂಟು. ಸಭೆಗಳು ವಾರಕ್ಕೆ ಐದಾರು ಗಂಟೆ ತಿನ್ನುತ್ತಿದ್ದವು, ಪ್ರಾಜೆಕ್ಟ್ ಮ್ಯಾನೇಜರ್‌ನ ದಿನದ ಅರ್ಧ ಭಾಗ ಮಾತುಕತೆಯಲ್ಲೇ ಹೋಗುತ್ತಿತ್ತು. ಕೋರ್ ಶಾಪ್ ಮುಖ್ಯಸ್ಥರು ಸಹಕರಿಸಿದರಾದರೂ ಶೆಡ್ಡಿನ ದಿನಗಳ ನೋವನ್ನು ಪೂರ್ತಿ ಮರೆಯಲಿಲ್ಲ.

ಈ ಪ್ರಕರಣದಿಂದ ನಾನು ಕಲಿತದ್ದು

ಪ್ರಾಜೆಕ್ಟ್ ಮ್ಯಾನೇಜರ್‌ನ ಅಧಿಕಾರವನ್ನು ಹುದ್ದೆಯ ಹೆಸರಿನಿಂದ ಅಳೆಯಲು ಬರುವುದಿಲ್ಲ. ನಾನೀಗ ಎಲ್ಲಿ ಹೋದರೂ ನಾಲ್ಕು ಸಹಿಗಳನ್ನು ಕೇಳುತ್ತೇನೆ: ಜನರ ಸಮಯಕ್ಕೆ ಸಹಿ ಯಾರದು, ಹಣಕ್ಕೆ ಯಾರದು, ಯಂತ್ರದ ಸರದಿಗೆ ಯಾರದು, ವರ್ಷದ ಕೊನೆಯ ಮೌಲ್ಯಮಾಪನಕ್ಕೆ ಯಾರದು. ಈ ಕಾರ್ಖಾನೆಯಲ್ಲಿ ಮೊದಲ ಹಂತದಲ್ಲಿ ನಾಲ್ಕೂ ವಿಭಾಗ ಮುಖ್ಯಸ್ಥರವು, ಎರಡನೆಯದರಲ್ಲಿ ನಾಲ್ಕೂ ಪ್ರಾಜೆಕ್ಟ್ ಮ್ಯಾನೇಜರ್‌ನವು, ಮೂರನೆಯದರಲ್ಲಿ ಹಂಚಿಕೆಯಾದವು. ಹಂಚಿಕೆ ಎಂದು ಬಾಯಲ್ಲಿ ಹೇಳಿ ಬರೆಯದೆ ಬಿಟ್ಟಿದ್ದರೆ ಅದು ಒಂದೇ ವಾರದಲ್ಲಿ ಹಳೆಯ ವಿಭಾಗೀಯ ರಚನೆಗೆ ಮರಳುತ್ತಿತ್ತು, ಏಕೆಂದರೆ ಫರ್ನೇಸು, ಯಂತ್ರ, ಜನ ಎಲ್ಲ ಇರುವುದು ವಿಭಾಗಗಳ ಬಳಿಯೇ. ಮ್ಯಾಟ್ರಿಕ್ಸ್ ಇದೆ ಎನ್ನುವ ಎಷ್ಟೋ ಕಡೆ ನಿಜಕ್ಕೂ ಇರುವುದು ಫಂಕ್ಷನಲ್ ರಚನೆ ಎಂದು ತಿಳಿಯಲು ಮ್ಯಾನೇಜರ್‌ನ ಡೈರಿ ಓದಿದರೆ ಸಾಕು. ‘ನೆನಪಿಸಿದೆ’ ಹೆಚ್ಚಿದ್ದು ‘ನಿರ್ಧರಿಸಿದೆ’ ಇಲ್ಲದಿದ್ದರೆ ಉತ್ತರ ಅಲ್ಲೇ ಇದೆ.

ಇನ್ನೊಂದು, ಅಧಿಕಾರ ಕೊಟ್ಟ ಮೇಲೆ ಎದುರಿನವರ ಅಳತೆಗೋಲನ್ನೂ ತಿದ್ದಬೇಕು. ಮೆಲ್ಟಿಂಗ್ ಮುಖ್ಯಸ್ಥರು ಮೊದಲ ಹಂತದಲ್ಲಿ ಅಡ್ಡಿಯಾಗಿದ್ದದ್ದು ಮತ್ತು ಮೂರನೆಯದರಲ್ಲಿ ಅತ್ಯುತ್ತಮ ಸಲಹೆ ಕೊಟ್ಟದ್ದು ಒಂದೇ ಸ್ವಭಾವದಿಂದ. ನಡುವೆ ಬದಲಾದದ್ದು ಆರು ಟನ್ನಿನ ಲೆಕ್ಕ ಮಾತ್ರ.

ಪ್ರಾಜೆಕ್ಟೈಸ್ಡ್ ರಚನೆ ಇಲ್ಲಿ ಸೋತದ್ದಕ್ಕೆ ಆ ರಚನೆಯನ್ನೇ ದೂರುವುದು ಸರಿಯಲ್ಲ. ಕೊನೆಗೆ ಇದೇ ಲೈನಿನಲ್ಲಿ, ಇದೇ ಜನರ ಕೈಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಕೆಲಸವನ್ನು ಲೈನಿನಿಂದ ದೂರ ಒಯ್ದು ಮಾಡಿದ್ದು ತಪ್ಪಾಯಿತು. ಮರುವರ್ಷ ಅದೇ ಸಂಸ್ಥೆ ಮಚ್ಛೆ ಕೈಗಾರಿಕಾ ಪ್ರದೇಶದಲ್ಲಿ ಹೊಸ ಮಷಿನ್ ಶೆಡ್ ಕಟ್ಟಿಸಿತು. ಆ ಕೆಲಸಕ್ಕೆ ಒಂದು ಪ್ರತ್ಯೇಕ ತಂಡ, ಪೂರ್ಣ ಅಧಿಕಾರದ ಒಬ್ಬ ಮ್ಯಾನೇಜರ್, ಸ್ವಂತ ಬಜೆಟ್ ಕೊಟ್ಟರು, ಅದು ಸರಿಯಾಗಿಯೇ ನಡೆಯಿತು. ಕಟ್ಟಡ ಮುಗಿದ ಮೇಲೆ ಯಾವ ಲೈನಿಗೂ ಹಸ್ತಾಂತರಿಸುವ ಕಸುಬು ಅಲ್ಲಿ ಇರಲಿಲ್ಲ. ಹಳೆಯ ಗ್ರಾಹಕರೊಬ್ಬರ ಪಂಪ್ ಹೌಸಿಂಗ್‌ನ ಸಣ್ಣ ಬದಲಾವಣೆ ಬಂದಾಗ ಮೆಥಡ್ಸ್ ವಿಭಾಗದೊಳಗೇ ಒಬ್ಬರು ಕೋಆರ್ಡಿನೇಟರ್ ಆಗಿ ಮೂರು ವಾರದಲ್ಲಿ ಮುಗಿಸಿದರು, ಹಾಳೆಯ ಅಗತ್ಯವೇ ಬೀಳಲಿಲ್ಲ. ಆ ಹಾಳೆ ಈಗಲೂ ವರ್ಕ್ಸ್ ಮ್ಯಾನೇಜರ್‌ನ ಕೊಠಡಿಯ ಗೋಡೆಗಿದೆ. ಹೊಸ ಕಾಸ್ಟಿಂಗ್‌ನ ಆದೇಶ ಬಂದಾಗಲೆಲ್ಲ ಅದರ ಪ್ರತಿ ತೆಗೆದು, ಮೊದಲು ತುಂಬುವ ಸಾಲು ಆ ತಿಂಗಳ ಗುರಿಯಿಂದ ಎಷ್ಟು ಟನ್ ಕಳೆಯಬೇಕು ಎಂಬುದು.